ಮೊದಲ ಆನ್‌ಲೈನ್ ಮಾರಾಟ ಯಾವ ಆ್ಯಪ್‌ನಲ್ಲಿ? ಫೀಸು, ಗಿರಾಕಿ, ಮಾಲು ಮೂರನ್ನೂ ತೂಗಿ ನೋಡುವ ಕ್ರಮ

ಚಿಕ್ಕಪೇಟೆಯಿಂದ ಒಂದು ಮೂಟೆ ಮಾಲು ತರುತ್ತಾರೆ. ಅಮೆಜಾನ್, ಫ್ಲಿಪ್‌ಕಾರ್ಟ್, ಮೀಶೋ ಮೂರರಲ್ಲೂ ಒಂದೇ ವಾರದಲ್ಲಿ ಖಾತೆ ತೆರೆಯುತ್ತಾರೆ. ಆರ್ಡರ್ ಬರುತ್ತವೆ, ಕೊರಿಯರ್ ಹುಡುಗ ಬಂದು ಪಾರ್ಸೆಲ್ ಒಯ್ಯುತ್ತಾನೆ. ಎರಡು ತಿಂಗಳಾದ ಮೇಲೆ ಬ್ಯಾಂಕ್ ಖಾತೆ ನೋಡಿದರೆ ಹಾಕಿದ ದುಡ್ಡೂ ಪೂರ್ತಿ ಬಂದಿರುವುದಿಲ್ಲ. ಬೆಂಗಳೂರಿನಲ್ಲಿ ಹೊಸದಾಗಿ ಮಾರಾಟಕ್ಕೆ ಇಳಿದವರಲ್ಲಿ ನಾನು ಮತ್ತೆ ಮತ್ತೆ ನೋಡುವ ಕಥೆ ಇದು.

ತಪ್ಪು ಆಗುವುದು ಒಂದೇ ಕಡೆ. ಯಾರ ಕಮಿಷನ್ ಕಡಿಮೆ ಎಂದು ನೋಡಿ ಪ್ಲಾಟ್‌ಫಾರ್ಮ್ ಆರಿಸುತ್ತಾರೆ. ಆದರೆ ಕಡಿಮೆ ಬೆಲೆಯ ಮಾಲಿನಲ್ಲಿ ಲಾಭವನ್ನು ಜಾಸ್ತಿ ತಿನ್ನುವುದು ಕಮಿಷನ್ ಅಲ್ಲ. ಸಾಗಣೆ ಮತ್ತು ವಾಪಸ್ ಬರುವ ಪಾರ್ಸೆಲ್. ಹಾಗಾಗಿ ಕೇಳಬೇಕಾದ ಪ್ರಶ್ನೆಯೇ ಬೇರೆ: ನನ್ನ ಈ ಒಂದು ಮಾಲನ್ನು 100 ಜನಕ್ಕೆ ಕಳಿಸಿದರೆ, ಬರುವುದೆಲ್ಲ ವಾಪಸ್ ಬಂದ ಮೇಲೆ, ನನ್ನ ಕೈಯಲ್ಲಿ ಎಷ್ಟು ಉಳಿಯುತ್ತದೆ?

ಇದಕ್ಕೆ ಉತ್ತರ ಸಿಗುವ ಕ್ರಮವನ್ನು ಕಾಟನ್ ನೈಟಿಯ ಉದಾಹರಣೆ ಇಟ್ಟುಕೊಂಡು ಹೇಳುತ್ತೇನೆ. ಚಿಕ್ಕಪೇಟೆ, ಮಾಮೂಲ್‌ಪೇಟೆ ಸುತ್ತ ಹೋಲ್‌ಸೇಲ್‌ನಲ್ಲಿ ಸುಲಭವಾಗಿ ಸಿಗುವ ಮಾಲು, ಬಹಳ ಜನ ಇದರಿಂದಲೇ ಶುರು ಮಾಡುತ್ತಾರೆ. ನಿಮ್ಮ ಮಾಲು ಬೇರೆಯಾದರೂ ಕ್ರಮ ಇದೇ.

## ಕೈಗೆ ಬೇಕಾದವು

ಅಡುಗೆಮನೆಯ ಡಿಜಿಟಲ್ ತಕ್ಕಡಿ, ಟೈಲರ್ ಟೇಪು, ನೀವು ನಿಜವಾಗಿ ಬಳಸುವ ಕೊರಿಯರ್ ಕವರ್, ಒಂದು ನೋಟ್‌ಬುಕ್. ಫೋನಿನಲ್ಲಿ ಮೂರೂ ಆ್ಯಪ್‌ಗಳ ಗಿರಾಕಿ ಆವೃತ್ತಿ ಇರಲಿ. ಮಾರುವವರ ಆ್ಯಪ್ ಈಗಲೇ ಬೇಡ. ಮಾಲನ್ನೂ ಜಾಸ್ತಿ ತರಬೇಡಿ. ಈ ಲೆಕ್ಕಕ್ಕೆ ಒಂದೇ ಒಂದು ನೈಟಿ ಸಾಕು.

## ಹಂತ 1: ಮೊದಲು ಜಿಎಸ್‌ಟಿ ವಿಷಯ ತೀರ್ಮಾನ ಮಾಡಿ

ಇದನ್ನು ಕೊನೆಗೆ ಇಟ್ಟುಕೊಂಡವರು ಉಳಿದ ಕೆಲಸವನ್ನೆಲ್ಲ ಎರಡು ಸಲ ಮಾಡುತ್ತಾರೆ. ಯಾಕೆಂದರೆ ಜಿಎಸ್‌ಟಿ ನಂಬರ್ ಇದೆಯೋ ಇಲ್ಲವೋ ಎಂಬುದರ ಮೇಲೆ ಯಾವ ಬಾಗಿಲು ನಿಮಗೆ ತೆರೆದಿದೆ ಅನ್ನುವುದು ನಿಂತಿದೆ.

ಅಂಗಡಿ ಇಟ್ಟು ಮಾಲು ಮಾರುವವರಿಗೆ ಕರ್ನಾಟಕದಲ್ಲಿ ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಆನ್‌ಲೈನ್ ಪ್ಲಾಟ್‌ಫಾರ್ಮ್ ಮೂಲಕ ಮಾರುವವರಿಗೆ ಹಿಂದೆ ಈ ವಿನಾಯಿತಿ ಇರಲಿಲ್ಲ, ಮೊದಲ ರೂಪಾಯಿಯಿಂದಲೇ ನೋಂದಣಿ ಬೇಕಿತ್ತು. 2023ರ ಅಕ್ಟೋಬರ್ 1ರಿಂದ ನಿಯಮ ಸಡಿಲವಾಗಿದೆ. ಮಿತಿಯೊಳಗಿನ ಸಣ್ಣ ವ್ಯಾಪಾರಿಗಳು ಜಿಎಸ್‌ಟಿ ಇಲ್ಲದೆಯೂ ಮಾರಬಹುದು. ಜಿಎಸ್‌ಟಿ ಪೋರ್ಟಲ್‌ನಲ್ಲಿ ಪ್ಯಾನ್ ಕೊಟ್ಟು ಒಂದು ಎನ್‌ರೋಲ್‌ಮೆಂಟ್ ನಂಬರ್ ತೆಗೆದುಕೊಂಡರೆ ಆಯಿತು.

ಆದರೆ ಇದಕ್ಕೊಂದು ಗಟ್ಟಿ ಗೋಡೆ ಇದೆ. ಹೀಗೆ ಮಾರುವವರು ತಮ್ಮ ರಾಜ್ಯದೊಳಗೆ ಮಾತ್ರ ಮಾರಬೇಕು. ರಾಜಾಜಿನಗರದಿಂದ ರಾಯಚೂರಿಗೆ ಕಳಿಸಬಹುದು, ಹೊಸೂರಿಗೆ ಕಳಿಸುವಂತಿಲ್ಲ. ಮೀಶೋ ಈ ದಾರಿಯಲ್ಲಿ ಬರುವವರನ್ನು ಸೇರಿಸಿಕೊಳ್ಳುತ್ತದೆ. ಉಳಿದ ಪ್ಲಾಟ್‌ಫಾರ್ಮ್‌ಗಳಲ್ಲಿ ನಿಮ್ಮ ಮಾಲಿಗೆ ಇದು ಸಾಧ್ಯವೇ ಎಂದು ನೋಂದಣಿ ಪುಟದಲ್ಲೇ ಖಾತ್ರಿ ಮಾಡಿಕೊಳ್ಳಿ.

2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ನಗರದ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸ್ ಬಂದಾಗಿನಿಂದ ಜಿಎಸ್‌ಟಿ ಅಂದರೆ ಜನ ಹೆದರುತ್ತಾರೆ. ಆ ಹೆದರಿಕೆಯಿಂದಲೇ ನೋಂದಣಿ ಬಿಟ್ಟವರನ್ನು ನೋಡಿದ್ದೇನೆ. ಹೆದರಿಕೆಯಿಂದ ಬೇಡ, ಲೆಕ್ಕದಿಂದ ತೀರ್ಮಾನ ಮಾಡಿ. ನಿಮ್ಮ ಮಾಲಿಗೆ ಕರ್ನಾಟಕದೊಳಗೇ ಸಾಕಷ್ಟು ಗಿರಾಕಿ ಇದ್ದರೆ, ಇಳಕಲ್ ಸೀರೆಯ ಹಾಗೆ, ನೋಂದಣಿ ಇಲ್ಲದೆ ಪರೀಕ್ಷೆ ಮಾಡಬಹುದು. ನೈಟಿಯಂಥ ಎಲ್ಲ ಕಡೆ ಹೋಗುವ ಮಾಲಿಗೆ ನೋಂದಣಿ ಮಾಡಿಸಿಕೊಳ್ಳುವುದೇ ಸರಿ ಎಂದು ನನ್ನ ಅಭಿಪ್ರಾಯ. ಮಾಲು ಕೊಳ್ಳುವಾಗ ಕಟ್ಟಿದ ತೆರಿಗೆ ಮತ್ತು ಪ್ಲಾಟ್‌ಫಾರ್ಮ್ ಫೀಸಿನ ಮೇಲಿನ 18 ಶೇಕಡಾ ತೆರಿಗೆ, ಎರಡನ್ನೂ ಆಗ ಹೊಂದಾಣಿಕೆ ಮಾಡಿಕೊಳ್ಳಬಹುದು. ನೋಂದಣಿ ಇಲ್ಲದಿದ್ದರೆ ಅವೆರಡೂ ಶುದ್ಧ ಖರ್ಚು.

ಬಾಡಿಗೆ ಮನೆಯಿಂದ ಮಾಡುವವರು ಒಂದು ಮಾತು ನೆನಪಿಡಿ. ನೋಂದಣಿಗೆ ಬಾಡಿಗೆ ಕರಾರು, ಬೆಸ್ಕಾಂ ಬಿಲ್ಲು ಕೇಳುತ್ತಾರೆ, ಮನೆ ಮಾಲೀಕರ ಒಪ್ಪಿಗೆ ಪತ್ರವನ್ನೂ ಕೇಳಬಹುದು. ಕರಾರಿನಲ್ಲಿರುವ ವಿಳಾಸವೂ ಬಿಲ್ಲಿನಲ್ಲಿರುವ ವಿಳಾಸವೂ ಅಕ್ಷರ ಬಿಡದೆ ಹೊಂದಬೇಕು. ಅರ್ಜಿ ಸಿಕ್ಕಿಹಾಕಿಕೊಳ್ಳುವುದು ಸಾಮಾನ್ಯವಾಗಿ ಇಲ್ಲೇ. ಮಾಲೀಕರ ಹತ್ತಿರ ಮೊದಲೇ ಮಾತಾಡಿಟ್ಟುಕೊಳ್ಳಿ.

## ಹಂತ 2: ನಿಮ್ಮ ಮಾಲು ಆ ವಿಭಾಗದೊಳಗೆ ಹೋಗುತ್ತದಾ?

ಬಟ್ಟೆಗೆ ಅನುಮತಿಯ ತಲೆನೋವು ಕಡಿಮೆ. ಕವರಿನ ಮೇಲೆ ಎಂಆರ್‌ಪಿ, ಅಳತೆ, ತಯಾರಿಸಿದವರ ಹೆಸರು ವಿಳಾಸ, ಯಾವ ದೇಶದ ಮಾಲು, ದೂರು ಹೇಳಲು ಸಂಪರ್ಕ ಇಷ್ಟು ಇರಬೇಕು. ಹೋಲ್‌ಸೇಲ್ ಅಂಗಡಿಯಲ್ಲಿ ಸುಮ್ನೆ ಕಟ್ಟಿ ಕೊಡುವ ಮಾಲಿನಲ್ಲಿ ಇವು ಇರುವುದಿಲ್ಲ. ಬಿಲ್ಲು ಮತ್ತು ಈ ವಿವರ ಎರಡನ್ನೂ ಕೇಳಿ ತನ್ನಿ. ಬಿಲ್ಲು ಇಲ್ಲದ ಮಾಲನ್ನು ಮುಟ್ಟಲೇಬೇಡಿ. ನಾಳೆ ಪ್ಲಾಟ್‌ಫಾರ್ಮ್ “ಇದು ಅಸಲಿ ಎಂದು ತೋರಿಸಿ” ಎಂದಾಗ ಕೊಡಲು ಇರುವ ಕಾಗದ ಅದೊಂದೇ.

ಬೇರೆ ಮಾಲಿನವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಮನೆಯಲ್ಲಿ ಮಾಡಿದ ಚಟ್ನಿಪುಡಿ, ಹಪ್ಪಳಕ್ಕೆ ಆಹಾರ ಸುರಕ್ಷತೆ ನೋಡುವ ಎಫ್‌ಎಸ್‌ಎಸ್‌ಎಐ ಪ್ರಾಧಿಕಾರದ ನೋಂದಣಿ ಬೇಕೇ ಬೇಕು. ಮನೆಯಲ್ಲಿ ಮಾಡಿದ ಸೋಪು ಕಾನೂನಿನ ಕಣ್ಣಲ್ಲಿ ಸೌಂದರ್ಯವರ್ಧಕ, ಅದಕ್ಕೆ ತಯಾರಿಕೆ ಲೈಸೆನ್ಸ್ ಇದೆ. ಆಟಿಕೆಗಳಿಗೆ 2021ರ ಜನವರಿ 1ರಿಂದ ಬಿಐಎಸ್ ಗುರುತು ಕಡ್ಡಾಯ. ಚನ್ನಪಟ್ಟಣದ ಗೊಂಬೆಗೆ ಜಿಐ ಮಾನ್ಯತೆ ಇರುವುದರಿಂದ ಅದರ ಅಧಿಕೃತ ಬಳಕೆದಾರರಿಗೂ, ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿತರಾದ ಕುಶಲಕರ್ಮಿಗಳಿಗೂ ಇದರಲ್ಲಿ ವಿನಾಯಿತಿ ಇದೆ. ಗೊಂಬೆ ಕೊಂಡು ತಂದು ಮಾರುವವರು ತಾವು ಯಾರಿಂದ ಕೊಂಡಿದ್ದೇವೆ ಎಂಬ ಕಾಗದ ಇಟ್ಟುಕೊಂಡಿರಬೇಕು.

ನಿಮ್ಮದು ಕೈಯಿಂದ ಮಾಡಿದ, ಒಂದೊಂದೂ ಬೇರೆಯಾಗಿರುವ, ಹೊರದೇಶದವರಿಗೆ ಇಷ್ಟವಾಗುವ ಮಾಲಾದರೆ ಎಟ್ಸಿ ಎಂಬ ನಾಲ್ಕನೇ ದಾರಿಯೂ ಇದೆ. ಅಲ್ಲಿ ಒಂದು ಮಾಲು ಪಟ್ಟಿ ಮಾಡಲು ನಾಲ್ಕು ತಿಂಗಳಿಗೆ 0.20 ಡಾಲರ್, ಮಾರಿದರೆ ಸಾಗಣೆ ಶುಲ್ಕವೂ ಸೇರಿದ ಮೊತ್ತದ ಮೇಲೆ 6.5 ಶೇಕಡಾ, ಅದರ ಮೇಲೆ ಹಣ ಪಾವತಿಯ ಖರ್ಚು. ರಫ್ತಿಗೆ ಆಮದು-ರಫ್ತು ಮಾಡುವವರಿಗೆ ಸರ್ಕಾರ ಕೊಡುವ ಐಇಸಿ ನಂಬರ್ ಬೇಕು. ಅಮೆರಿಕ 2025ರ ಆಗಸ್ಟ್ 29ರಿಂದ 800 ಡಾಲರ್‌ವರೆಗಿನ ಸುಂಕ ವಿನಾಯಿತಿ ನಿಲ್ಲಿಸಿರುವುದರಿಂದ ಸಣ್ಣ ಪಾರ್ಸೆಲ್ಲಿನ ಲೆಕ್ಕವೂ ಬದಲಾಗಿದೆ. ಹೋಲ್‌ಸೇಲ್ ನೈಟಿಗೆ ಅಲ್ಲಿ ಜಾಗ ಇಲ್ಲ. ಹಾಗಾಗಿ ಮುಂದಿನ ಲೆಕ್ಕದಲ್ಲಿ ಎಟ್ಸಿಯನ್ನು ಬಿಡುತ್ತೇನೆ.

## ಹಂತ 3: ಗಿರಾಕಿ ಯಾರು ಎಂದು ಆ್ಯಪ್‌ನಲ್ಲೇ ನೋಡಿ

ಅಮೆಜಾನ್‌ನಲ್ಲಿ ಕೊಳ್ಳುವವರು ರೇಟಿಂಗ್ ನೋಡುತ್ತಾರೆ, ಬೇಗ ಬರಬೇಕು ಅನ್ನುತ್ತಾರೆ. ಮೀಶೋದಲ್ಲಿ ಸಣ್ಣ ಊರಿನ ಗಿರಾಕಿ ಜಾಸ್ತಿ, ಬೆಲೆಯೇ ಮುಖ್ಯ, ಮನೆ ಬಾಗಿಲಲ್ಲಿ ದುಡ್ಡು ಕೊಡುವವರು ಹೆಚ್ಚು. ಫ್ಲಿಪ್‌ಕಾರ್ಟ್ ಎರಡರ ನಡುವೆ ಹರಡಿಕೊಂಡಿದೆ, ಬಟ್ಟೆಯಲ್ಲಿ ಬಲವಾಗಿದೆ. ಇದು ಒಟ್ಟಾರೆ ಚಿತ್ರ. ಆದರೆ ನಿಮ್ಮ ಮಾಲಿಗೆ ಇದು ಹೊಂದುತ್ತದೆಯೇ ಎಂದು ಯಾರ ಮಾತನ್ನೂ ನಂಬದೆ ನೀವೇ ನೋಡಬಹುದು.

ಮೂರೂ ಆ್ಯಪ್‌ನಲ್ಲಿ ಗಿರಾಕಿ ಹುಡುಕುವ ಹಾಗೆಯೇ ಹುಡುಕಿ: `cotton nighty for women`. ಡೆಲಿವರಿ ಪಿನ್‌ಕೋಡ್ ಮೊದಲು ರಾಜಾಜಿನಗರದ 560010 ಇರಲಿ, ಆಮೇಲೆ ಕಲಬುರಗಿಯ 585101 ಹಾಕಿ, ಕೊನೆಗೆ ಪಟ್ನಾದ 800001. ಪ್ರತಿ ಸಲ ಜಾಹೀರಾತು ಎಂದು ಗುರುತು ಇರುವವನ್ನು ಬಿಟ್ಟು ಮೊದಲ 20 ಮಾಲುಗಳ ಬೆಲೆ ಬರೆದುಕೊಳ್ಳಿ. ಅತಿ ದುಬಾರಿ ಮೂರು, ಅತಿ ಅಗ್ಗದ ಮೂರು ಹೊಡೆದುಹಾಕಿ. ಉಳಿದವುಗಳ ನಡುವಿನ ಬೆಲೆಯೇ ಆ ಆ್ಯಪ್‌ನಲ್ಲಿ ನಿಮಗೆ ಸಿಗಬಹುದಾದ ಬೆಲೆ. ನಿಮಗೆ ಎಷ್ಟು ಸಿಗಬೇಕು ಅನ್ನಿಸುತ್ತದೋ ಅದನ್ನು ಇಲ್ಲಿ ಬರೆಯಬೇಡಿ.

ಆಮೇಲೆ ಪ್ರತಿ ಆ್ಯಪ್‌ನಲ್ಲಿ ಚೆನ್ನಾಗಿ ಮಾರಾಟವಾಗುತ್ತಿರುವ ಎರಡು ನೈಟಿಗಳ ಕೆಟ್ಟ ರಿವ್ಯೂಗಳನ್ನಷ್ಟೇ ಓದಿ. ಇದು ತುಂಬಾ ಮುಖ್ಯ. “ಬಟ್ಟೆ ತೆಳು”, “ಬಣ್ಣ ಬಿಡುತ್ತೆ”, “ಫೋಟೋದಲ್ಲಿ ಇದ್ದ ಹಾಗೆ ಇಲ್ಲ”, “ಉದ್ದ ಕಡಿಮೆ”. ಪ್ರತಿ ದೂರೂ ಒಂದು ವಾಪಸ್ ಪಾರ್ಸೆಲ್ಲಿನ ಕಾರಣ. ಒಂದು ಆ್ಯಪ್‌ನಲ್ಲಿ ತೆಳು ಬಟ್ಟೆಗೂ ನಾಲ್ಕು ಸ್ಟಾರ್ ಕೊಟ್ಟು “ಈ ಬೆಲೆಗೆ ಪರವಾಗಿಲ್ಲ” ಎಂದಿರುತ್ತಾರೆ, ಇನ್ನೊಂದರಲ್ಲಿ ಅದಕ್ಕೇ ಒಂದು ಸ್ಟಾರ್. ನಿಮ್ಮ ಕೈಯಲ್ಲಿರುವ ನೈಟಿಯನ್ನು ಬೆಳಕಿಗೆ ಹಿಡಿದು, ಒಂದು ಸಲ ಒಗೆದು ನೋಡಿ. ಯಾವ ಗಿರಾಕಿ ಇದನ್ನು ಇಟ್ಟುಕೊಳ್ಳುತ್ತಾರೆ ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ನೈಟಿಗೆ ಒಂದು ಅನುಕೂಲ ಇದೆ. ಕುರ್ತಿಯ ಹಾಗೆ ಮೈಗೆ ಹಿಡಿದು ಕೂರಬೇಕಿಲ್ಲ, ಫ್ರೀ ಸೈಜ್ ನಡೆಯುತ್ತದೆ. ಅಳತೆ ಸರಿಯಿಲ್ಲ ಎಂಬ ಕಾರಣಕ್ಕೆ ವಾಪಸ್ ಬರುವುದು ಕಡಿಮೆ. ಕುರ್ತಿ, ಬ್ಲೌಸ್, ಚಪ್ಪಲಿಯಿಂದ ಶುರು ಮಾಡಬೇಡಿ ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

## ಹಂತ 4: ಪ್ಯಾಕ್ ಮಾಡಿ, ತೂಗಿ, ಅಳೆಯಿರಿ

ಸಾಗಣೆ ಫೀಸು ಬರೀ ತೂಕದ ಮೇಲೆ ಬೀಳುವುದಿಲ್ಲ. ಪಾರ್ಸೆಲ್ಲಿನ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. ಬರುವ ಉತ್ತರ ಕಿಲೋ ಲೆಕ್ಕದಲ್ಲಿ ಅದರ ಗಾತ್ರದ ತೂಕ. ನಿಜವಾದ ತೂಕ ಮತ್ತು ಈ ತೂಕ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ಫೀಸು.

ನೈಟಿಯನ್ನು ತಕ್ಕಡಿಗೆ ಇಟ್ಟರೆ 350 ಗ್ರಾಂ ಬಂತು ಅಂದುಕೊಳ್ಳಿ. ಗಾಳಿ ತೆಗೆದು ಚಪ್ಪಟೆಯಾಗಿ ಮಡಚಿ ಕವರಿಗೆ ಹಾಕಿದರೆ 30 × 25 × 3 ಸೆಂ.ಮೀ. ಗಾತ್ರದ ತೂಕ 0.45 ಕಿಲೋ. ಮೊದಲ ಅರ್ಧ ಕಿಲೋದ ಸ್ಲ್ಯಾಬಿನೊಳಗೇ ಇದೆ. ಅದೇ ನೈಟಿಯನ್ನು ಅವಸರದಲ್ಲಿ ತುರುಕಿ ಎತ್ತರ 4 ಸೆಂ.ಮೀ. ಆದರೆ ಲೆಕ್ಕ 0.60 ಕಿಲೋ, ಮುಂದಿನ ಸ್ಲ್ಯಾಬ್. ಒಂದೇ ಒಂದು ಸೆಂಟಿಮೀಟರಿಗೆ ಪ್ರತಿ ಪಾರ್ಸೆಲ್ಲಿನ ಫೀಸೂ ಏರುತ್ತದೆ.

ಹೊಸಬರು ಮಾಡುವ ದೊಡ್ಡ ತಪ್ಪು ಇಲ್ಲಿ: ಮಾಲಿನ ವಿವರವನ್ನು ಆ್ಯಪ್‌ನಲ್ಲಿ ಹಾಕುವಾಗ, ಅಂದರೆ ಲಿಸ್ಟಿಂಗ್ ಮಾಡುವಾಗ, ತೂಕದ ಜಾಗದಲ್ಲಿ ಬರೀ ಬಟ್ಟೆಯ ತೂಕ ಹಾಕುತ್ತಾರೆ, ಅಳತೆಯನ್ನು ಊಹೆಯಲ್ಲಿ ತುಂಬುತ್ತಾರೆ. ಪ್ಲಾಟ್‌ಫಾರ್ಮ್ ತನ್ನ ಗೋದಾಮಿನಲ್ಲಿ ತೂಗಿ ಅಳೆದು ಅದರ ಪ್ರಕಾರ ಹಣ ಹಿಡಿಯುತ್ತದೆ. ತಕ್ಕಡಿಯ ಮೇಲಿನ ಪಾರ್ಸೆಲ್, ಟೇಪು ಹಿಡಿದ ಪಾರ್ಸೆಲ್, ಎರಡರ ಫೋಟೋ ತೆಗೆದಿಡಿ. ತೂಕ ತಪ್ಪಾಗಿ ಹಾಕಿದ್ದಾರೆ ಎಂದು ದೂರು ಕೊಡುವಾಗ ಬೇಕಾಗುತ್ತದೆ.

## ಹಂತ 5: ರೇಟ್ ಕಾರ್ಡ್ ಓದುವುದು

ಮೂರೂ ಕಂಪನಿಗಳ ರೇಟ್ ಕಾರ್ಡ್ ಅವರವರ ಮಾರಾಟಗಾರರ ಪುಟದಲ್ಲಿ ಇರುತ್ತದೆ. ಇವತ್ತಿನ ತಾರೀಖಿನ ಕಾರ್ಡನ್ನೇ ತೆರೆಯಿರಿ. ಯೂಟ್ಯೂಬ್ ವಿಡಿಯೋದಲ್ಲಿ ತೋರಿಸಿದ ದರ ಹಳೆಯದಾಗಿರುತ್ತದೆ.

ಅಮೆಜಾನ್‌ನಲ್ಲಿ ಮೂರು ಸಾಲು ನೋಡಬೇಕು. ವಿಭಾಗ ಮತ್ತು ಬೆಲೆಯ ಮೇಲೆ ಶೇಕಡಾ ಲೆಕ್ಕದ ರೆಫರಲ್ ಫೀಸು, ಪ್ರತಿ ಮಾಲಿಗೆ ಇಷ್ಟು ಎಂಬ ಕ್ಲೋಸಿಂಗ್ ಫೀಸು, ತೂಕ ಮತ್ತು ದೂರದ ಮೇಲೆ ಸಾಗಣೆ ಫೀಸು. ಫ್ಲಿಪ್‌ಕಾರ್ಟ್‌ನಲ್ಲಿ ಕಮಿಷನ್, ಫಿಕ್ಸೆಡ್ ಫೀಸು, ಹಣ ವಸೂಲಿಯ ಕಲೆಕ್ಷನ್ ಫೀಸು, ಸಾಗಣೆ. ಎಲ್ಲದರ ಮೇಲೂ 18 ಶೇಕಡಾ ಜಿಎಸ್‌ಟಿ. ಮೀಶೋದಲ್ಲಿ ಕಮಿಷನ್ ಇಲ್ಲ. ಸಾಗಣೆ ಖರ್ಚು ನೀವು ಹೇಳಿದ ಬೆಲೆಯ ಮೇಲೆ ಸೇರಿ ಗಿರಾಕಿಗೆ ಕಾಣುತ್ತದೆ.

ಈಗ ಎಲ್ಲರೂ ಸೊನ್ನೆ ಕಮಿಷನ್ ಎಂದು ಕೂಗುತ್ತಿದ್ದಾರೆ. ಅಮೆಜಾನ್ 2025ರ ಏಪ್ರಿಲ್‌ನಲ್ಲಿ 300 ರೂಪಾಯಿಗಿಂತ ಕಡಿಮೆ ಬೆಲೆಯ ಬಹಳಷ್ಟು ಮಾಲುಗಳ ರೆಫರಲ್ ಫೀಸು ತೆಗೆಯಿತು. ಫ್ಲಿಪ್‌ಕಾರ್ಟ್ 2025ರ ನವೆಂಬರ್‌ನಲ್ಲಿ 1000 ರೂಪಾಯಿಗಿಂತ ಕೆಳಗಿನ ಮಾಲಿಗೆ ಕಮಿಷನ್ ಬಿಟ್ಟಿತು. ಈ ಮಿತಿಗಳು ಬದಲಾಗುತ್ತಲೇ ಇರುತ್ತವೆ. ಆದರೆ ಸೊನ್ನೆ ಆಗುವುದು ಒಂದು ಸಾಲು ಮಾತ್ರ. ಪ್ರತಿ ಮಾಲಿನ ನಿಗದಿತ ಫೀಸು, ಸಾಗಣೆ ಹಾಗೇ ಇರುತ್ತವೆ. 250 ರೂಪಾಯಿ ಮಾಲಿಗೂ 900 ರೂಪಾಯಿ ಮಾಲಿಗೂ ಪಾರ್ಸೆಲ್ ಒಂದೇ ತೂಕವಾದರೆ ಸಾಗಣೆಯೂ ಹೆಚ್ಚುಕಡಿಮೆ ಅಷ್ಟೇ. ಅಗ್ಗದ ಮಾಲಿಗೆ ಹೊಡೆತ ಬೀಳುವುದು ಅಲ್ಲಿ.

ಇನ್ನು ವಾಪಸ್ ಸಾಲು. ಎರಡು ಬಗೆ ಇದೆ, ಬೇರೆ ಬೇರೆ ಬರೆದುಕೊಳ್ಳಿ. ಗಿರಾಕಿ ಬಾಗಿಲಲ್ಲೇ ಬೇಡ ಎಂದು ಅಥವಾ ಮನೆಯಲ್ಲಿ ಇಲ್ಲದೆ ವಾಪಸ್ ಬಂದರೆ ಆರ್‌ಟಿಓ. ಪಡೆದುಕೊಂಡು, ತೆರೆದು ನೋಡಿ ಹಿಂದಿರುಗಿಸಿದರೆ ಕಸ್ಟಮರ್ ರಿಟರ್ನ್. ಮೀಶೋದಲ್ಲಿ ಆರ್‌ಟಿಓಗೆ ಮಾರುವವರಿಂದ ಸಾಗಣೆ ಹಿಡಿಯುವುದಿಲ್ಲ, ಕಸ್ಟಮರ್ ರಿಟರ್ನ್‌ಗೆ ಹಿಡಿಯುತ್ತಾರೆ. ಉಳಿದ ಎರಡರಲ್ಲಿ ಯಾವ ಕಾರಣಕ್ಕೆ ಎಷ್ಟು ಎಂಬುದು ಕಾರ್ಡಿನ ಕೊನೆಯ ಪುಟದಲ್ಲಿ ಇರುತ್ತದೆ. ಜನ ಆ ಪುಟದವರೆಗೆ ಹೋಗುವುದೇ ಇಲ್ಲ.

## ಹಂತ 6: ನೂರು ಪಾರ್ಸೆಲ್ಲಿನ ಲೆಕ್ಕ

ಈಗ ಒಂದು ಲೆಕ್ಕ ಪೂರ್ತಿ ಮಾಡೋಣ. ಇಲ್ಲಿರುವ ದರಗಳು ಲೆಕ್ಕ ತೋರಿಸಲು ನಾನು ಇಟ್ಟವು, ಯಾವ ಕಂಪನಿಯ ಕಾರ್ಡಿನಿಂದಲೂ ತೆಗೆದವಲ್ಲ. ನಿಮ್ಮ ಕಾರ್ಡಿನ ಅಂಕಿಯನ್ನು ಅದೇ ಜಾಗದಲ್ಲಿ ಹಾಕಿಕೊಳ್ಳಿ.

ಮಾರುವವರಿಗೆ ಜಿಎಸ್‌ಟಿ ಇದೆ. ನೈಟಿ ತೆರಿಗೆ ಬಿಟ್ಟು 180 ರೂಪಾಯಿಗೆ ಸಿಕ್ಕಿದೆ. ಕವರು, ಲೇಬಲ್ಲು, ಟೇಪು ಸೇರಿ 8 ರೂಪಾಯಿ. 2500 ರೂಪಾಯಿವರೆಗಿನ ಉಡುಪಿಗೆ ಜಿಎಸ್‌ಟಿ 5 ಶೇಕಡಾ.

ಕಮಿಷನ್ ಇರುವ ಆ್ಯಪ್. ನಡುವಿನ ಬೆಲೆ 449 ಸಿಗುತ್ತದೆ. ತೆರಿಗೆ ತೆಗೆದರೆ ನಿಮ್ಮದು 428. ಕಮಿಷನ್ 12 ಶೇಕಡಾ ಎಂದರೆ 54, ನಿಗದಿತ ಫೀಸು 20, ಸಾಗಣೆ 60, ಒಟ್ಟು 134. ಫೀಸಿನ ಮೇಲಿನ ಜಿಎಸ್‌ಟಿ ಹೊಂದಾಣಿಕೆ ಆಗುವುದರಿಂದ ಅದನ್ನು ಸೇರಿಸಿಲ್ಲ. 428ರಲ್ಲಿ ಫೀಸು 134, ಮಾಲು 180, ಪ್ಯಾಕಿಂಗ್ 8 ಕಳೆದರೆ, ಗಿರಾಕಿ ಇಟ್ಟುಕೊಂಡ ಪ್ರತಿ ನೈಟಿಗೆ 106 ರೂಪಾಯಿ.

ನೂರು ಕಳಿಸಿದಿರಿ. 6 ಆರ್‌ಟಿಓ, 6 ಕಸ್ಟಮರ್ ರಿಟರ್ನ್. ಉಳಿದ 88ಕ್ಕೆ 106ರಂತೆ 9,328. ಆರ್‌ಟಿಓ ಒಂದಕ್ಕೆ ಹಾಳಾದ ಪ್ಯಾಕಿಂಗ್ ಎಂದು 10 ರೂಪಾಯಿ, ಅಂದರೆ 60. ಕಸ್ಟಮರ್ ರಿಟರ್ನ್ ಒಂದಕ್ಕೆ ವಾಪಸ್ ಸಾಗಣೆ, ಇಸ್ತ್ರಿ, ಹೊಸ ಕವರು ಸೇರಿ 130, ಅಂದರೆ 780. ವಾಪಸ್ ಬಂದದ್ದರಲ್ಲಿ ಎರಡು ಮತ್ತೆ ಮಾರುವ ಸ್ಥಿತಿಯಲ್ಲಿಲ್ಲ, 360. ಎಲ್ಲ ಕಳೆದು ಉಳಿದದ್ದು 8,128. ಕಳಿಸಿದ ಪ್ರತಿ ಪಾರ್ಸೆಲ್ಲಿಗೆ 81 ರೂಪಾಯಿ.

ಕಮಿಷನ್ ಇಲ್ಲದ ಆ್ಯಪ್. ಇಲ್ಲಿ ಸಾಗಣೆ ಸೇರಿ ಗಿರಾಕಿಗೆ ಕಾಣುವ ಬೆಲೆ ಕಡಿಮೆ ಇರಬೇಕು, ಇಲ್ಲದಿದ್ದರೆ ಯಾರೂ ಒತ್ತುವುದಿಲ್ಲ. ಹಾಗಾಗಿ ನೀವು ಹಾಕುವ ಬೆಲೆ 280ಕ್ಕೆ ಇಳಿಯುತ್ತದೆ. ತೆರಿಗೆ ತೆಗೆದರೆ 267. ಮಾಲು, ಪ್ಯಾಕಿಂಗ್ ಕಳೆದರೆ 79.

ನೂರು ಕಳಿಸಿದಿರಿ. ಬಾಗಿಲಲ್ಲಿ ದುಡ್ಡು ಕೊಡುವ ಗಿರಾಕಿ ಜಾಸ್ತಿ ಇರುವುದರಿಂದ ಆರ್‌ಟಿಓ 16, ಕಸ್ಟಮರ್ ರಿಟರ್ನ್ 10. ಉಳಿದ 74ಕ್ಕೆ 79ರಂತೆ 5,846. ಆರ್‌ಟಿಓಗೆ 160, ರಿಟರ್ನ್‌ಗೆ 1,300, ಕೆಟ್ಟ ನಾಲ್ಕು ನೈಟಿಗೆ 720. ಉಳಿದದ್ದು 3,666. ಪ್ರತಿ ಪಾರ್ಸೆಲ್ಲಿಗೆ 37 ರೂಪಾಯಿಗಿಂತ ಸ್ವಲ್ಪ ಕಡಿಮೆ.

ಕಮಿಷನ್ ಕಟ್ಟಿದ ಕಡೆ ಎರಡರಷ್ಟಕ್ಕಿಂತ ಜಾಸ್ತಿ ಉಳಿಯಿತು, ನೋಡಿದಿರಾ? ಎರಡನೇ ಆ್ಯಪ್‌ನಲ್ಲಿ ಒಂದು ಕಸ್ಟಮರ್ ರಿಟರ್ನ್ 130 ತಿನ್ನುತ್ತದೆ, ಒಂದು ಮಾರಾಟ 79 ಕೊಡುತ್ತದೆ. ಒಂದು ವಾಪಸ್ಸಿಗೆ ಒಂದೂವರೆಗಿಂತ ಹೆಚ್ಚು ಮಾರಾಟದ ದುಡಿಮೆ ಹೋಯಿತು. ಜೊತೆಗೆ 26 ನೈಟಿ, ಅಂದರೆ 4,680 ರೂಪಾಯಿಯ ಮಾಲು, ಮಾರಾಟವೂ ಆಗದೆ ಕೈಯಲ್ಲೂ ಇರದೆ ದಾರಿಯಲ್ಲಿ ಓಡಾಡುತ್ತಿರುತ್ತದೆ. ಕಡಿಮೆ ಬಂಡವಾಳದವರಿಗೆ ಇದು ನಿಜವಾಗಿ ಕಷ್ಟ.

ಹಾಗಾದರೆ ಕಮಿಷನ್ ಇಲ್ಲದ ಆ್ಯಪ್ ಕೆಟ್ಟದ್ದು ಎಂದಲ್ಲ. ಈಗ ಮಾಲನ್ನು ಬದಲಿಸಿ ನೋಡಿ. 180ರ ಬದಲು 140ಕ್ಕೆ ಸಿಗುವ ಸಾದಾ ಪ್ರಿಂಟಿನ ನೈಟಿ ತಂದಿರಿ. ಅಲ್ಲಿನ ಗಿರಾಕಿಗೆ ಆ ಬಟ್ಟೆ ಸಾಕು ಎಂದು ರಿವ್ಯೂಗಳಲ್ಲೇ ಓದಿದ್ದೀರಿ. ಈಗ ಒಂದಕ್ಕೆ 119 ಉಳಿಯುತ್ತದೆ. 74ಕ್ಕೆ 8,806. ಅದರಲ್ಲಿ 160, 1,300, ಕೆಟ್ಟ ನಾಲ್ಕಕ್ಕೆ 560 ಕಳೆದರೆ 6,786. ಪ್ರತಿ ಪಾರ್ಸೆಲ್ಲಿಗೆ 68. ಅಲ್ಲಿ ಆರ್ಡರ್ ಜಾಸ್ತಿ ಬರುವುದಾದರೆ ಇದು ಒಳ್ಳೆ ವ್ಯಾಪಾರ. ಅದೇ ಸಾದಾ ನೈಟಿಯನ್ನು ಮೊದಲ ಆ್ಯಪ್‌ನಲ್ಲಿ 449ಕ್ಕೆ ಹಾಕಿದರೆ ಒಂದು ಸ್ಟಾರ್ ಬಿದ್ದು ಲಿಸ್ಟಿಂಗ್ ಕೆಳಗೆ ಹೋಗುತ್ತದೆ. ಅಂದರೆ 180ರ ನೈಟಿಗೆ ಒಂದು ಆ್ಯಪ್, 140ರ ನೈಟಿಗೆ ಇನ್ನೊಂದು.

ನಿಮ್ಮ ಬೆಲೆಗೆ ಕಮಿಷನ್ ಸೊನ್ನೆ ಆಗಿದ್ದರೆ ಮೊದಲ ಲೆಕ್ಕದಲ್ಲಿ 54ರ ಜಾಗದಲ್ಲಿ 0 ಹಾಕಿ ಮತ್ತೆ ಕೂಡಿ. ಆದರೆ ಜೊತೆಗೆ ಬೆಲೆಯನ್ನೂ ಮತ್ತೆ ನೋಡಿ. ಎಲ್ಲ ಮಾರಾಟಗಾರರಿಗೂ ಆ ಉಳಿತಾಯ ಸಿಕ್ಕಿರುವುದರಿಂದ ಮಾರುಕಟ್ಟೆ ಬೆಲೆಯೂ ಇಳಿದಿರಬಹುದು. ಪ್ಯಾಕಿಂಗ್ ದಪ್ಪವಾಗಿ ಸಾಗಣೆ 60ರಿಂದ 85ಕ್ಕೆ ಹೋದರೆ? 88 ಪಾರ್ಸೆಲ್ಲಿಗೆ 2,200 ಹೋಯಿತು. ನಾಲ್ಕನೇ ಹಂತದ ಒಂದು ಸೆಂಟಿಮೀಟರಿನ ಬೆಲೆ ಅದು.

ವಾಪಸ್ ಪ್ರಮಾಣ ನಿಮಗೆ ಮೊದಲೇ ಗೊತ್ತಿರುವುದಿಲ್ಲ. ಅದಕ್ಕೆ ಲೆಕ್ಕವನ್ನು ಎರಡು ಸಲ ಮಾಡಿ. ಒಂದು ನಿಮ್ಮ ಅಂದಾಜಿನಂತೆ, ಇನ್ನೊಂದು ಅದರ ಎರಡರಷ್ಟು ವಾಪಸ್ ಬಂದರೆ ಏನಾಗುತ್ತದೆ ಎಂದು. ಎರಡನೇ ಲೆಕ್ಕದಲ್ಲೂ ಏನಾದರೂ ಉಳಿಯುವ ಆ್ಯಪ್‌ನಲ್ಲಿ ಶುರು ಮಾಡಿ. ಎರಡೂ ಆ್ಯಪ್‌ನಲ್ಲಿ ಉಳಿಯದಿದ್ದರೆ ಆ ಮಾಲನ್ನು ಬಿಟ್ಟು ಬೇರೆ ನೋಡಬೇಕು. ಎರಡು ನೈಟಿಯ ಕಾಂಬೊ ಮಾಡಿ ಬೆಲೆ ಏರಿಸುವುದು ಒಂದು ದಾರಿ, ಆದರೆ ತೂಕದ ಸ್ಲ್ಯಾಬ್ ಮತ್ತೆ ನೋಡಿಕೊಳ್ಳಿ.

## ಹಂತ 7: ಒಂದೇ ಆ್ಯಪ್‌ನಲ್ಲಿ, ಸ್ವಲ್ಪವೇ ಮಾಲಿನಲ್ಲಿ ಪರೀಕ್ಷೆ

ಐದಾರು ಡಿಸೈನ್, ಒಟ್ಟು ಮೂವತ್ತು ನಲವತ್ತು ನೈಟಿ. ಅಷ್ಟೇ. ಫೋಟೋ ಹಗಲು ಬೆಳಕಿನಲ್ಲಿ ತೆಗೆಯಿರಿ, ಬಟ್ಟೆಯ ಹತ್ತಿರದ ಚಿತ್ರ ಒಂದಿರಲಿ, ಉದ್ದವನ್ನು ಇಂಚಿನಲ್ಲಿ ಬರೆಯಿರಿ. ಹೋಲ್‌ಸೇಲರ್ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಫೋಟೋ ಹಾಕಬೇಡಿ. ಅದೇ ಫೋಟೋ ಇನ್ನೂ ಎಷ್ಟೋ ಜನ ಹಾಕಿರುತ್ತಾರೆ, ಬಣ್ಣವೂ ಹೊಂದುವುದಿಲ್ಲ.

ಪ್ರತಿ ಪಾರ್ಸೆಲ್ ಪ್ಯಾಕ್ ಮಾಡುವಾಗ ಲೇಬಲ್ ಕಾಣುವ ಹಾಗೆ ಒಂದು ಸಣ್ಣ ವಿಡಿಯೋ. ವಾಪಸ್ ಬಂದದ್ದನ್ನು ತೆರೆಯುವಾಗಲೂ ಕಟ್ ಇಲ್ಲದೆ ಒಂದು ವಿಡಿಯೋ. ಒಳಗೆ ಬೇರೆ ಹಳೇ ಬಟ್ಟೆ ಬಂದರೆ ಕ್ಲೇಮ್ ಹಾಕಲು ಕೆಲವೇ ದಿನದ ಗಡುವು ಇರುತ್ತದೆ. ಬಂದ ದಿನವೇ ತೆರೆದು ನೋಡಿ, ಮೂಲೆಯಲ್ಲಿ ಗುಡ್ಡೆ ಹಾಕಬೇಡಿ.

ಮೊದಲ ಪೇಮೆಂಟ್ ಬಂದಾಗ, ಯಾವ ಆರ್ಡರ್‌ಗೆ ಎಷ್ಟು ಹಿಡಿದು ಎಷ್ಟು ಕೊಟ್ಟರು ಎಂದು ತೋರಿಸುವ ಸೆಟಲ್‌ಮೆಂಟ್ ರಿಪೋರ್ಟ್ ಇಳಿಸಿಕೊಂಡು ಹತ್ತು ಆರ್ಡರ್‌ಗಳನ್ನು ಒಂದೊಂದಾಗಿ ನಿಮ್ಮ ನೋಟ್‌ಬುಕ್ಕಿನ ಲೆಕ್ಕಕ್ಕೆ ಹೊಂದಿಸಿ. ಅದರಲ್ಲಿ ಜಿಎಸ್‌ಟಿ ಟಿಸಿಎಸ್ 0.5 ಶೇಕಡಾ, ಆದಾಯ ತೆರಿಗೆ ಟಿಡಿಎಸ್ 0.1 ಶೇಕಡಾ ಎಂದು ಕಾಣಬಹುದು. ಇವು ಫೀಸಲ್ಲ, ಪ್ಲಾಟ್‌ಫಾರ್ಮ್ ನಿಮ್ಮ ಹೆಸರಲ್ಲಿ ಮೊದಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ. ಮೊದಲನೆಯದನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಕ್ಲೇಮ್ ಮಾಡಿ ಪಡೆಯಬಹುದು, ಎರಡನೆಯದು ರಿಟರ್ನ್ ಸಲ್ಲಿಸುವಾಗ ನಿಮ್ಮ ಲೆಕ್ಕಕ್ಕೆ ಬರುತ್ತದೆ.

ಈ ಹೊತ್ತಿನಲ್ಲಿ ಕಣ್ಣಿಡಬೇಕಾದ ಅಪಾಯದ ಗುರುತುಗಳು:

- ಸಾಗಣೆಯ ಸಾಲಿನಲ್ಲಿ ನೀವು ಅಂದುಕೊಂಡದ್ದಕ್ಕಿಂತ ಮೇಲಿನ ಸ್ಲ್ಯಾಬ್ ಕಾಣುತ್ತಿದೆ. ಆ ದಿನವೇ ಪ್ಯಾಕಿಂಗ್ ಮತ್ತೆ ಅಳೆಯಿರಿ, ಸರಿ ಇದ್ದರೆ ಫೋಟೋ ಸಮೇತ ದೂರು ಕೊಡಿ.
- ವಾಪಸ್ಸೆಲ್ಲ ಒಂದೇ ಡಿಸೈನಿನದು. ಆ್ಯಪ್ ತಪ್ಪಲ್ಲ, ಆ ಬಟ್ಟೆಯದ್ದೋ ಫೋಟೋದ್ದೋ ತಪ್ಪು. ಅದನ್ನು ಮಾತ್ರ ತೆಗೆಯಿರಿ.
- ಎಲ್ಲ ಡಿಸೈನೂ “ಗುಣಮಟ್ಟ ಸರಿಯಿಲ್ಲ” ಎಂದು ವಾಪಸ್ ಬರುತ್ತಿವೆ. ನಿಮ್ಮ ಮಾಲಿಗೂ ಆ ಗಿರಾಕಿಗೂ ಹೊಂದುತ್ತಿಲ್ಲ. ಇಲ್ಲಿ ಆ್ಯಪ್ ಬದಲಿಸುವ ಮಾತು ಬರುತ್ತದೆ.
- ಆರ್ಡರ್ ಬರಬೇಕಾದರೆ ಬೆಲೆ ಇನ್ನೂ ಇಳಿಸಿ ಎಂದು ಆ್ಯಪ್ ದಿನವೂ ಸೂಚನೆ ಕೊಡುತ್ತದೆ. ಒತ್ತುವ ಮೊದಲು ಆ ಬೆಲೆಗೆ ನೂರು ಪಾರ್ಸೆಲ್ಲಿನ ಲೆಕ್ಕ ಮತ್ತೆ ಮಾಡಿ. ಬಹಳ ಸಲ ಲಾಭ ಅಲ್ಲೇ ಮುಗಿದಿರುತ್ತದೆ.
- ಖಾತೆ ತೆರೆದ ಎರಡೇ ದಿನಕ್ಕೆ ಫೋನ್: “ಮೇಡಂ, ದಿನಕ್ಕೆ ಐವತ್ತು ಆರ್ಡರ್ ಗ್ಯಾರಂಟಿ, ಹದಿನೈದು ಸಾವಿರ ಕೊಡಿ, ಓಟಿಪಿ ಹೇಳಿ.” ಇವರು ಕಂಪನಿಯವರಲ್ಲ. ಆರ್ಡರ್ ಗ್ಯಾರಂಟಿ ಕೊಡಲು ಯಾರಿಗೂ ಆಗುವುದಿಲ್ಲ. ಓಟಿಪಿ ಕೊಟ್ಟರೆ ನಿಮ್ಮ ಬ್ಯಾಂಕ್ ವಿವರವೇ ಬದಲಾಗಬಹುದು.

## ಹಂತ 8: ಎರಡನೇ ಆ್ಯಪ್ ಯಾವಾಗ?

ಮೂರು ಪೇಮೆಂಟ್ ಸುತ್ತು ನಿಮ್ಮ ಲೆಕ್ಕಕ್ಕೆ ಹತ್ತಿರ ಬಂದ ಮೇಲೆ. ಅದಕ್ಕೂ ಮೊದಲು ಹೋದರೆ ಒಂದೇ ನೈಟಿ ಎರಡು ಕಡೆ ಮಾರಾಟವಾಗಿ, ಒಂದು ಆರ್ಡರನ್ನು ನೀವೇ ರದ್ದು ಮಾಡಬೇಕಾಗುತ್ತದೆ. ಮಾರುವವರೇ ರದ್ದು ಮಾಡಿದರೆ ದಂಡ ಬೀಳಬಹುದು, ಖಾತೆಯ ರೇಟಿಂಗ್ ಅಂತೂ ಬೀಳುತ್ತದೆ.

ಹೋಗುವಾಗ ಅದೇ ಮಾಲು ಒಯ್ಯಬೇಡಿ. ಆರನೇ ಹಂತದಲ್ಲಿ ಕಂಡ ಹಾಗೆ, 180ರ ನೈಟಿ ಒಂದು ಕಡೆ ಇರಲಿ, 140ರದ್ದು ಇನ್ನೊಂದು ಕಡೆ. ಮನೆಯಲ್ಲಿ ಎರಡಕ್ಕೂ ಬೇರೆ ಬೇರೆ ಶೆಲ್ಫು, ಬೇರೆ ಬೇರೆ ಕೋಡು. ಸಂಜೆ ಪಿಕಪ್‌ಗೆ ಇಬ್ಬರು ಕೊರಿಯರ್ ಹುಡುಗರು ಒಂದೇ ಹೊತ್ತಿಗೆ ಬಂದಾಗ ಪಾರ್ಸೆಲ್ ಅದಲುಬದಲಾದರೆ ಎರಡೂ ಕಡೆ ವಾಪಸ್ ಬರುತ್ತದೆ. ಹಾಗಾಗಿ ಎರಡರ ಕವರಿನ ಬಣ್ಣವೂ ಬೇರೆ ಇರಲಿ.